ಕತ್ತಲ ಕೋಣೆಯ ಟಿವಿಗೆ ಯಾವ ಬಿಳಿ?

ಉಡುಪಿಯಲ್ಲಿ ನನ್ನ ಮಾವನದು ಹಳೆಯ ಹೆಂಚಿನ ಮನೆ. ಚಾವಡಿಗೆ ತಾಗಿದ ಕೋಣೆಯಲ್ಲಿ ಟಿವಿ ಇದೆ. ಮಳೆಗಾಲದಲ್ಲಿ ಎರಚಲು ಒಳಗೆ ಬರುತ್ತದೆ ಎಂದು ಕಿಟಕಿ ಮುಚ್ಚಿಯೇ ಇರುತ್ತಾರೆ. ಹಾಗಾಗಿ ಆ ಕೋಣೆ ಹಗಲಲ್ಲೂ ಅರೆಗತ್ತಲೆ. ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ, ಯಕ್ಷಗಾನದ ರೆಕಾರ್ಡಿಂಗ್ ಹಾಕಿಕೊಂಡು ಕೂರುವುದು ಮಾವನ ಹಳೆಯ ಅಭ್ಯಾಸ.

ಹೋದ ಮಳೆಗಾಲದ ಆಟಿ ತಿಂಗಳಲ್ಲಿ ನಾನು ಹೋದಾಗ ಹೊಸ ಟಿವಿ ಬಂದಿತ್ತು. 43 ಇಂಚಿನದು. ತಂದು ಗೋಡೆಗೆ ಹಾಕಿದವರು ಚಿತ್ರದ ಸೆಟ್ಟಿಂಗ್ ಮುಟ್ಟಿರಲಿಲ್ಲ. ಪರದೆಯ ಮೇಲೆ ರಾಕ್ಷಸ ಪಾತ್ರದ ಬಣ್ಣದ ವೇಷ ಬಂತು. ಅದರ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಸಾಲಾಗಿ ಇಟ್ಟ ಚಿಟ್ಟಿ ಇರುತ್ತದೆ ಅಲ್ವಾ, ಅದು ಬಿಳಿ ಇರಲಿಲ್ಲ, ತಿಳಿ ನೀಲಿ ಇತ್ತು. ಹಿಂದೆ ಕೂತ ಭಾಗವತರ ಮುಖಕ್ಕೆ ಬೂದಿ ಬಳಿದ ಹಾಗಿತ್ತು. ‘ಅರ್ಧ ಗಂಟೆ ನೋಡಿದರೆ ಕಣ್ಣು ಉರಿಯುತ್ತದೆ ಮಾರಾಯ, ಹಳೆಯ ಟಿವಿಯೇ ವಾಸಿ ಇತ್ತು’ ಎಂದರು ಮಾವ.

ಟಿವಿಯಲ್ಲಿ ದೋಷ ಏನೂ ಇರಲಿಲ್ಲ. ಮೆನುವಿನಲ್ಲಿ Picture ಒಳಗೆ Color Temperature ಅಥವಾ Color Tone ಎಂಬ ಸಾಲು ಇರುತ್ತದೆ. ಅದು Cool ಮೇಲೆ ಇತ್ತು. ಅದರ ಜೊತೆಗೆ ಪರದೆಯ ಬೆಳಕು ಪೂರ್ತಿ ಏರಿಸಿಟ್ಟಿತ್ತು. ಈ ಎರಡನ್ನೂ ಸರಿ ಮಾಡಲು ಐದು ನಿಮಿಷ ಸಾಕು. ಆದರೆ ಬದಲಾಯಿಸಿದ ಮೊದಲ ಹತ್ತು ನಿಮಿಷ ಎಲ್ಲರಿಗೂ ತಪ್ಪು ಮಾಡಿದ ಹಾಗೆ ಕಾಣುತ್ತದೆ. ಅದು ಯಾಕೆ ಎಂದು ಗೊತ್ತಿಲ್ಲದಿದ್ದರೆ ಮತ್ತೆ Coolಗೇ ವಾಪಸ್ ಹೋಗುತ್ತೇವೆ. ಆ ಹತ್ತು ನಿಮಿಷದ ಹಿಂದಿನ ವಿಷಯ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಆಚಾರಿಗಳ ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದವರಿಗೆ ಇದು ಸುಲಭ. ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಕಿತ್ತಳೆ, ಮತ್ತೂ ಕಾದರೆ ಹಳದಿ. ಬಲ್ಬಿನ ತಂತಿ ಸುಮಾರು 2700 ಕೆಲ್ವಿನ್ ಬಿಸಿಗೆ ಹಳದಿ ಬೆಳಕು ಕೊಡುತ್ತದೆ. ಸೂರ್ಯನ ಮೇಲ್ಮೈ ಸುಮಾರು 5800 ಕೆಲ್ವಿನ್, ಅದರ ಬೆಳಕು ಬಿಳಿ. ಅದಕ್ಕಿಂತಲೂ ಬಿಸಿಯಾದ ನಕ್ಷತ್ರಗಳು ನೀಲಿಯಾಗಿ ಹೊಳೆಯುತ್ತವೆ. ಅಂದರೆ ಬಿಸಿ ಏರಿದಷ್ಟೂ ಬೆಳಕು ನೀಲಿಯ ಕಡೆ ಹೋಗುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುವುದು ಇದಕ್ಕೇ.

ಆದರೆ ನಮ್ಮ ಮನಸ್ಸಿಗೆ ಕೆಂಪು, ಹಳದಿ ಎಂದರೆ ಬೆಂಕಿ. ನೀಲಿ ಎಂದರೆ ತಂಪು. ಟಿವಿ ಮೆನುವಿನ Warm, Cool ಪದಗಳು ಈ ಮನಸ್ಸಿನ ಲೆಕ್ಕದವು. ಹಾಗಾಗಿ Warm ಎಂದರೆ ಕಡಿಮೆ ಕೆಲ್ವಿನ್, Cool ಎಂದರೆ ಜಾಸ್ತಿ ಕೆಲ್ವಿನ್. ಎರಡು ಲೆಕ್ಕ ಒಂದಕ್ಕೊಂದು ತಿರುಗುಮುರುಗು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಹಾಗಾದರೆ ಸರಿಯಾದ ಬಿಳಿ ಯಾವುದು? ಇದಕ್ಕೆ ಒಪ್ಪಿತವಾದ ಉತ್ತರ ಇದೆ. ಟಿವಿ ಕಾರ್ಯಕ್ರಮ, ಸಿನಿಮಾದ ಮನೆ ಆವೃತ್ತಿ, ಕಂಪ್ಯೂಟರಿನ ಫೋಟೊ ಇವೆಲ್ಲವಕ್ಕೂ ಬಿಳಿ ಎಂದರೆ ಡಿ65 ಎಂಬ ಬಿಳಿ. ಇದು ಸುಮಾರು 6500 ಕೆಲ್ವಿನ್. ಹೈ ಡೆಫಿನಿಷನ್ ಟಿವಿಯ ಮಾನದಂಡವೂ, ನಂತರ 2012ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಮಾನದಂಡವೂ ಇದನ್ನೇ ಇಟ್ಟುಕೊಂಡಿವೆ. ಸ್ಟುಡಿಯೋದಲ್ಲಿ ಬಣ್ಣ ತಿದ್ದುವವರು ಈ ಬಿಳಿಗೆ ಹೊಂದಿಸಿದ ಮಾನಿಟರ್ ಎದುರು ಕೂತು ‘ಈ ಮುಖ ಹೀಗೆ ಕಾಣಬೇಕು’ ಎಂದು ತೀರ್ಮಾನ ಮಾಡುತ್ತಾರೆ. ಆ ಕೋಣೆಯೂ ಮಂದ ಬೆಳಕಿನದು, ಹೆಚ್ಚು ಕಡಿಮೆ ಮಾವನ ಕೋಣೆಯ ಹಾಗೆ.

ಡಿ65 ನೋಡಲು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಲ್ಯಾಬ್ ಬೇಡ. ಆಟಿ ತಿಂಗಳಲ್ಲಿ ಬಿಸಿಲಿಲ್ಲದ ಮಧ್ಯಾಹ್ನ ಅಂಗಳಕ್ಕೆ ಬನ್ನಿ. ಮೋಡ ತುಂಬಿ, ನೆರಳು ಎಲ್ಲೂ ಬೀಳದ ಆ ಬೆಳಕಿನಲ್ಲಿ ಒಗೆದು ಹಾಕಿದ ಬಿಳಿ ಪಂಚೆ ಹೇಗೆ ಕಾಣುತ್ತದೋ, ಅದು ಸುಮಾರಾಗಿ ಆ ಬಿಳಿ.

ಈಗ ಎಲ್ಲರೂ ಎಡವುವ ಜಾಗ. ಹೆಚ್ಚಿನ ಟಿವಿಗಳಲ್ಲಿ ಈ 6500 ಕೆಲ್ವಿನ್ನಿಗೆ ಹತ್ತಿರ ಇರುವುದು Standard ಅಲ್ಲ, Warm. ಕೆಲವದರಲ್ಲಿ Warm1, Warm2 ಎಂದು ಎರಡು ಇರುತ್ತವೆ, ಆಗ ಸಾಮಾನ್ಯವಾಗಿ Warm2. Standard ಎಂದು ಬರೆದಿರುವುದು ಅನೇಕ ಸಲ ಅದಕ್ಕಿಂತ ಎಷ್ಟೋ ನೀಲಿ. Cool ಅಂತೂ ಇನ್ನೂ ಮೇಲೆ, 9000 ಕೆಲ್ವಿನ್ ದಾಟಿರುವುದೂ ಉಂಟು. ಅಂದರೆ Warm ಎಂಬುದು ‘ಹಳದಿ ಬೆರೆಸಿದ’ ಚಿತ್ರ ಅಲ್ಲ. ಮಾಡಿದವರು ನೋಡಿದ ಚಿತ್ರವೇ ಅದು. ಬಣ್ಣ ಬೆರೆಸಿರುವುದು ಉಳಿದವುಗಳಲ್ಲಿ.

ಕಂಪೆನಿಯವರು ಯಾಕೆ ನೀಲಿ ಇಟ್ಟು ಕಳಿಸುತ್ತಾರೆ? ಇದಕ್ಕೆ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿಯೇ ಉತ್ತರ ಇದೆ. ಹಳದಿ ತಿರುಗಿದ ಪಂಚೆಗೆ ನೀಲಿ ಹಾಕುತ್ತೇವೆ. ಪಂಚೆ ಇನ್ನಷ್ಟು ಬಿಳಿ ಆಯಿತು ಎಂದು ಕಾಣುತ್ತದೆ. ನಮ್ಮ ಕಣ್ಣು ನೀಲಿ ಸೋಂಕಿದ ಬಿಳಿಯನ್ನು ‘ಹೆಚ್ಚು ಬಿಳಿ, ಹೆಚ್ಚು ಪ್ರಖರ’ ಎಂದು ಓದುತ್ತದೆ. ಅಂಗಡಿಯಲ್ಲಿ ಹತ್ತು ಟಿವಿ ಸಾಲಾಗಿ ಉರಿಯುತ್ತಿರುವಾಗ, ಮೇಲಿಂದ ಟ್ಯೂಬ್‌ಲೈಟಿನ ಬೆಳಕು ಸುರಿಯುತ್ತಿರುವಾಗ, ನೀಲಿ ಇರುವ ಟಿವಿಯೇ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಕಾರಣವೂ ಇದೆ. ಎಲ್‌ಸಿಡಿ ಟಿವಿಯ ಹಿಂದಿರುವ ಬಿಳಿ ಎಲ್‌ಇಡಿ ಮೂಲದಲ್ಲಿ ನೀಲಿ ದೀಪ, ಅದರ ಮೇಲೆ ಬಣ್ಣ ಬದಲಿಸುವ ಪುಡಿಯ ಲೇಪ. ಅದನ್ನು ಸರಿಯಾದ ಬಿಳಿಗೆ ತರಬೇಕಾದರೆ ನೀಲಿಯನ್ನು ತಗ್ಗಿಸಬೇಕು. ತಗ್ಗಿಸಿದರೆ ಒಟ್ಟು ಬೆಳಕು ಒಂಚೂರು ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಅದು ನಷ್ಟ. ಕತ್ತಲ ಕೋಣೆಯಲ್ಲಿ ಅದೇ ಬೇಕಾದದ್ದು.

ಕತ್ತಲೆಗೆ ಬರೋಣ, ಯಾಕೆಂದರೆ ವಿಷಯ ಇರುವುದೇ ಅಲ್ಲಿ.

ನಮ್ಮ ಕಣ್ಣು ಬಿಳಿಯನ್ನು ಅಳೆಯುವುದಿಲ್ಲ, ಹೋಲಿಸುತ್ತದೆ. ಸುತ್ತಲಿನ ಬೆಳಕು ಯಾವ ಬಣ್ಣದ್ದೋ ಅದನ್ನೇ ಮೆಲ್ಲಗೆ ‘ಇದು ಬಿಳಿ’ ಎಂದು ಒಪ್ಪಿಕೊಳ್ಳುತ್ತದೆ. ಕರೆಂಟು ಹೋದಾಗ ಮೇಣದಬತ್ತಿ ಹಚ್ಚಿ ಊಟಕ್ಕೆ ಕೂತರೆ ಅನ್ನ ಹಳದಿಯಾಗಿದೆ ಎಂದು ಯಾರಿಗೂ ಅನಿಸುವುದಿಲ್ಲ. ಆದರೆ ಆ ಬೆಳಕು ಸುಮಾರು 1900 ಕೆಲ್ವಿನ್, ಕಿತ್ತಳೆ ಬಣ್ಣದ್ದೇ. ಕಣ್ಣು ಅದಕ್ಕೆ ಒಗ್ಗಿಕೊಂಡಿರುತ್ತದೆ. ಈ ಒಗ್ಗುವಿಕೆಯ ದೊಡ್ಡ ಪಾಲು ಒಂದೆರಡು ನಿಮಿಷದಲ್ಲಿ ಆಗುತ್ತದೆ. ಉಳಿದದ್ದಕ್ಕೆ ಇನ್ನಷ್ಟು ಹೊತ್ತು ಬೇಕು.

ಲೈಟ್ ಹಾಕಿದ ಕೋಣೆಯಲ್ಲಿ ಕಣ್ಣಿಗೆ ಹೋಲಿಸಲು ಗೋಡೆ ಇದೆ, ಪೇಪರ್ ಇದೆ, ಪಕ್ಕದವರ ಅಂಗಿ ಇದೆ. ಕತ್ತಲ ಕೋಣೆಯಲ್ಲಿ ಅವು ಯಾವುವೂ ಕಾಣುವುದಿಲ್ಲ. ಇರುವುದು ಪರದೆ ಒಂದೇ. ಪರದೆ ಯಾವುದನ್ನು ಬಿಳಿ ಎನ್ನುತ್ತದೋ ಅದೇ ಬಿಳಿ. ಹಾಗಾಗಿ Warm ಇಟ್ಟು ಲೈಟ್ ಆರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಹಳದಿ ಎಂಬ ಭಾವನೆ ಮಾಯವಾಗುತ್ತದೆ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಕಣ್ಣು ಎಲ್ಲದಕ್ಕೂ ಒಗ್ಗುವುದಾದರೆ Coolಗೂ ಒಗ್ಗಬೇಕಲ್ಲ? ಸ್ವಲ್ಪ ಒಗ್ಗುತ್ತದೆ, ಪೂರ್ತಿ ಅಲ್ಲ. ಕತ್ತಲಲ್ಲಿ ಹೊಳೆಯುವ ಪರದೆಗೆ ಕಣ್ಣು ಅರ್ಧಂಬರ್ಧ ಮಾತ್ರ ಹೊಂದಿಕೊಳ್ಳುತ್ತದೆ. ಸುತ್ತಲಿನ ಬೆಳಕಿಗೆ ಹೊಂದಿಕೊಂಡಷ್ಟು ಚೆನ್ನಾಗಿ ಅಲ್ಲ. ಹಗಲಿನ ಬೆಳಕಿಗೆ ಹತ್ತಿರ ಇರುವ ಬಿಳಿಯಾದರೆ ಈ ಕೊರತೆ ತಿಳಿಯುವುದಿಲ್ಲ. 9000, 10,000 ಕೆಲ್ವಿನ್ನಿನಷ್ಟು ದೂರ ಹೋದರೆ ಒಂದಿಷ್ಟು ನೀಲಿ ಉಳಿದೇ ಉಳಿಯುತ್ತದೆ. ಮಾವ ಅರ್ಧ ಗಂಟೆ ನೋಡಿದ ಮೇಲೂ ಭಾಗವತರ ಮುಖ ಬೂದಿಯಾಗಿಯೇ ಇದ್ದದ್ದು ಇದರಿಂದ. ಬಿಳಿ, ಬೂದು ಬಣ್ಣಗಳಲ್ಲಿ ನಾವು ಸ್ವಲ್ಪ ತಪ್ಪನ್ನು ಸಹಿಸಿಕೊಳ್ಳುತ್ತೇವೆ. ಮುಖದ ಬಣ್ಣದಲ್ಲಿ ಸಹಿಸುವುದಿಲ್ಲ, ಅದು ನಮಗೆ ಚಿಕ್ಕಂದಿನಿಂದ ಗೊತ್ತು.

ಮಾವನ ಟಿವಿಯಲ್ಲಿ ನಾನು ಮಾಡಿದ್ದು ಹೀಗೆ. ಮೊದಲು Picture Mode ತೆರೆದೆ. Vivid ಇತ್ತು. ಅದನ್ನು Movieಗೆ ತಂದೆ. ಟಿವಿಗೆ ತಕ್ಕ ಹಾಗೆ ಇದನ್ನು Cinema ಎಂದೂ ಕರೆಯುತ್ತಾರೆ. 2020ರಿಂದ ಈಚೆಗೆ Filmmaker Mode ಎಂಬುದೂ ಕೆಲವು ಟಿವಿಗಳಲ್ಲಿ ಬಂದಿದೆ. ಅದು ಸಿಕ್ಕಿದರೆ ಒಳ್ಳೆಯದು, ಡಿ65 ಬಿಳಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ Color Tone ನೋಡಿದೆ. Movie ಹಾಕಿದ ಕೂಡಲೇ ಅದು Warm2ಗೆ ಬಂದಿತ್ತು. ಬಾರದಿದ್ದರೆ ಕೈಯಾರೆ ಹಾಕಬೇಕು.

‘ಇದೆಂತ ಮಾರಾಯ, ಎಲ್ಲರಿಗೂ ಅರಶಿನ ಕಾಮಾಲೆ ಬಂದ ಹಾಗಿದೆ’ ಎಂದರು ಅತ್ತೆ. ನನಗೂ ಹಾಗೇ ಕಂಡಿತು. ಐದು ನಿಮಿಷ ಮೊದಲು ನೀಲಿ ನೋಡುತ್ತಿದ್ದ ಕಣ್ಣು ಅದು, ಬೇರೆ ಹೇಗೆ ಕಾಣಬೇಕು? ‘ಹತ್ತು ನಿಮಿಷ ಹೀಗೇ ಬಿಡಿ ಅತ್ತೆ’ ಎಂದು ಲೈಟ್ ಆರಿಸಿದೆ. ಪ್ರಸಂಗದಲ್ಲಿ ಭಾಗವತರು ಒಂದು ಪದ ಹಾಡಿ ಮುಗಿಸುವಷ್ಟರಲ್ಲಿ ಚಿಟ್ಟಿ ಬಿಳಿಯಾಗಿತ್ತು. ಸುಣ್ಣದ ಬಿಳಿ. ಕೆಂಪು, ಕಪ್ಪು ಬಣ್ಣದ ನಡುವೆ ಅದರ ಒಂದೊಂದು ಮುಳ್ಳೂ ಬೇರೆಬೇರೆಯಾಗಿ ಕಾಣುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟು ಯಾರಿಗೂ ಹೇಳದೆ ಮತ್ತೆ Cool ಹಾಕಿದೆ. ‘ಅಯ್ಯೋ, ಇದೆಂತ ನೀಲಿ!’ ಎಂದವರು ಅತ್ತೆಯೇ. ಹಿಂದಿನ ದಿನದವರೆಗೂ ಅವರು ನೋಡುತ್ತಿದ್ದದ್ದು ಇದನ್ನೇ. ನಿಮ್ಮ ಮನೆಯಲ್ಲಿ ಯಾರಾದರೂ ಒಪ್ಪದಿದ್ದರೆ ಹೀಗೇ ಮಾಡಿ. ಮೊದಲು ಸಮಯ ಕೊಟ್ಟು, ಆಮೇಲೆ ಹಿಂದಕ್ಕೆ ತಿರುಗಿಸಿ ತೋರಿಸಿ.

ಆದರೆ ಕಣ್ಣು ಉರಿ? ಅದಕ್ಕೆ ಬಣ್ಣ ಒಂದೇ ಕಾರಣ ಅಲ್ಲ. ನನ್ನ ಪ್ರಕಾರ ಕತ್ತಲ ಕೋಣೆಯಲ್ಲಿ ದೊಡ್ಡ ತಪ್ಪು ಇರುವುದು ಬೆಳಕಿನ ಪ್ರಮಾಣದಲ್ಲಿ. ಮಂದ ಬೆಳಕಿನ ಕೋಣೆಗೆ ಸ್ಟುಡಿಯೋದವರು ಇಟ್ಟುಕೊಂಡ ಅಳತೆ ಸುಮಾರು 100 ನಿಟ್. ಒಂದು ಚದರ ಮೀಟರ್ ಪರದೆಯಿಂದ ನೂರು ಮೇಣದಬತ್ತಿಯಷ್ಟು ಬೆಳಕು ಎಂದು ಇಟ್ಟುಕೊಳ್ಳಿ. ಹಗಲಿನ ಹಾಲ್‌ಗೆ ಎಂದು ಏರಿಸಿಟ್ಟ ಟಿವಿ 300 ನಿಟ್ ಸುಲಭವಾಗಿ ಕೊಡುತ್ತದೆ. ಕತ್ತಲಲ್ಲಿ ಪಾಪೆ ಹಿಗ್ಗಿರುವಾಗ ಅಷ್ಟು ಬೆಳಕು ಮುಖಕ್ಕೆ ಬಡಿದರೆ ಕಣ್ಣು ಉರಿಯದೆ ಇರುತ್ತದೆಯೇ? ಅದಕ್ಕೆ Backlight, ಅಂದರೆ ಪರದೆಯ ಹಿಂದಿನ ದೀಪದ ಬೆಳಕು, ಇಳಿಸಬೇಕು. ಮಾವನ ಟಿವಿಯಲ್ಲಿ 50ರಲ್ಲಿ 50 ಇತ್ತು, 14ಕ್ಕೆ ತಂದೆ. ಅಂಕೆ ಟಿವಿಯಿಂದ ಟಿವಿಗೆ ಬೇರೆ. ಬಿಳಿ ಪಂಚೆಯೋ ಬಿಳಿ ಆಕಾಶವೋ ತುಂಬಿದ ದೃಶ್ಯ ಬಂದಾಗ ಕಣ್ಣು ಕಿರಿದಾಗದಿದ್ದರೆ ಅದು ಸರಿಯಾದ ಮಟ್ಟ.

ಒಂದು ಎಚ್ಚರಿಕೆ. Brightness ಎಂಬ ಹೆಸರು ಎಲ್ಲ ಟಿವಿಯಲ್ಲೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವದರಲ್ಲಿ ಅದು ಬೆಳಕು. ಕೆಲವದರಲ್ಲಿ ಅದು ಕಪ್ಪು ಎಲ್ಲಿಂದ ಶುರುವಾಗಬೇಕು ಎಂಬುದರ ಸೆಟ್ಟಿಂಗ್. ಇಳಿಸುತ್ತಾ ಹೋದ ಹಾಗೆ ಕಪ್ಪು ಕೂದಲಿನ ಎಳೆಗಳು ಒಂದೇ ಮುದ್ದೆಯಾದರೆ ನೀವು ತಪ್ಪು ಸಾಲನ್ನು ಹಿಡಿದಿದ್ದೀರಿ. ಮೊದಲಿನ ಜಾಗಕ್ಕೇ ಬಿಟ್ಟು Backlight ಹುಡುಕಿ.

ಕಪ್ಪಿನ ಬಗ್ಗೆಯೂ ಒಂದು ಮಾತು. ಎಲ್‌ಸಿಡಿ ಪರದೆಯಲ್ಲಿ ಕಪ್ಪು ಪೂರ್ತಿ ಕಪ್ಪಲ್ಲ, ಹಿಂದಿನ ದೀಪ ಒಂಚೂರು ಸೋರುತ್ತಲೇ ಇರುತ್ತದೆ. ಆ ಸೋರಿಕೆ ಸಾಮಾನ್ಯವಾಗಿ ನೀಲಿ ಛಾಯೆಯದು. Warm ಹಾಕಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಬಣ್ಣದ ಸೆಟ್ಟಿಂಗ್ ತಿದ್ದುವುದು ಚಿತ್ರದ ಬಣ್ಣವನ್ನು, ಚಿತ್ರವೇ ಇಲ್ಲದ ಜಾಗದ ಸೋರಿಕೆಯನ್ನಲ್ಲ. ಅದಕ್ಕೂ Backlight ಇಳಿಸುವುದೇ ಮದ್ದು.

ಪೂರ್ತಿ ಕತ್ತಲೆ ಬೇಡ ಎನಿಸಿದರೆ ಟಿವಿಯ ಹಿಂದೆ ಒಂದು ಸಣ್ಣ ದೀಪ ಇಡಬಹುದು. ಅದರ ಬೆಳಕು ಗೋಡೆಗೆ ಬಡಿದು ಬರಬೇಕು, ಕಣ್ಣಿಗೆ ನೇರ ಬೀಳಬಾರದು. ಪರದೆಯ ಬಿಳಿಯ ಹತ್ತರಲ್ಲಿ ಒಂದು ಪಾಲಿನಷ್ಟು ಬೆಳಕು ಸಾಕು. ಬಣ್ಣ 6500 ಕೆಲ್ವಿನ್ನಿನದೇ ಇರಲಿ. ಬಲ್ಬಿನ ಪೆಟ್ಟಿಗೆ ಮೇಲೆ ಕೂಲ್ ಡೇಲೈಟ್ ಎಂದು ಬರೆದಿರುವುದು ಇದೇ. ವಿಚಿತ್ರ ಅಲ್ವಾ, ಬಲ್ಬಿನ ಅಂಗಡಿಯಲ್ಲಿ ‘ಕೂಲ್’ ಆದದ್ದು ಟಿವಿಯ ಮೆನುವಿನಲ್ಲಿ Warm! ಎರಡೂ ಒಂದೇ ಬಿಳಿ. ಹೆಸರು ಮಾತ್ರ ಆಯಾ ಸಾಲಿನಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ. 2700 ಕೆಲ್ವಿನ್ನಿನ ಹಳದಿ ಬಲ್ಬ್ ಹಾಕಿದರೆ ಕಣ್ಣು ಅದರ ಕಡೆ ವಾಲಿ ಪರದೆ ನೀಲಿಯಾಗಿ ಕಾಣುತ್ತದೆ. ಬಣ್ಣ ಬದಲಿಸುವ ಪಟ್ಟಿ ದೀಪಗಳೂ, ಮಲಗುವ ಕೋಣೆಯ ಕೆಂಪು, ಹಸಿರು ಜೀರೋ ಬಲ್ಬೂ ಇದೇ ತೊಂದರೆ ಕೊಡುತ್ತವೆ. ಟಿವಿ ನೋಡುವಾಗ ಅವನ್ನು ಆರಿಸುವುದೇ ಒಳ್ಳೆಯದು.

ಎಲ್ಲ ಟಿವಿಯಲ್ಲೂ Warm2 ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಕೆಲವು ಅಗ್ಗದ ಟಿವಿಗಳಲ್ಲಿ ಅದು 6500 ದಾಟಿ ಕೆಳಗೆ, ನಿಜವಾಗಿಯೂ ಕೆಂಪಿನ ಕಡೆ ಹೋಗಿರುತ್ತದೆ. ಬಣ್ಣ ಅಳೆಯುವ ಮೀಟರ್ ಇಲ್ಲದೆ ಗುರುತಿಸಲು ನಾನು ಹಳೆಯ ಕಪ್ಪು ಬಿಳುಪು ಸಿನಿಮಾ ಹಾಕುತ್ತೇನೆ. ಕತ್ತಲಲ್ಲಿ ಹದಿನೈದು ನಿಮಿಷ ನೋಡಿದ ಮೇಲೂ ಚಿತ್ರ ಹಳೆಯ ಫೋಟೊದ ಹಾಗೆ ಕಂದು ಕಂದು ಕಂಡರೆ ಸೆಟ್ಟಿಂಗ್ ಅತಿಯಾಯಿತು, Warm1ಗೆ ಬನ್ನಿ. ಬೆಳಕಿನ ಭಾಗ ಬಿಳಿಯಾಗಿದ್ದು ನೆರಳಿನ ಭಾಗ ಮಾತ್ರ ಹಸಿರೋ ಗುಲಾಬಿಯೋ ಆಗಿದ್ದರೆ ಅದು ಬೇರೆ ದೋಷ, ಮೀಟರ್ ಇಟ್ಟು ತಿದ್ದಬೇಕಾದ್ದು. ಅದನ್ನು Warm, Cool ಒತ್ತಿ ಸರಿ ಮಾಡಲು ಹೋದರೆ ಒಂದು ಕಡೆ ಎಳೆದಾಗ ಇನ್ನೊಂದು ಕಡೆ ಕೆಡುತ್ತದೆ.

ಟ್ಯೂಬ್‌ಲೈಟ್ ಹಾಕಿಯೂ ಒಂದು ಒರಟು ಪರೀಕ್ಷೆ ಮಾಡಬಹುದು. 6500 ಕೆಲ್ವಿನ್ ಎಂದು ಬರೆದ ಎಲ್‌ಇಡಿ ಟ್ಯೂಬಿನ ಕೆಳಗೆ ಬಿಳಿ ಹಾಳೆ ಹಿಡಿದು, ಪಕ್ಕದಲ್ಲಿ ಪರದೆ ಮೇಲೆ ಬಿಳಿ ಚಿತ್ರ ತನ್ನಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸೆಟ್ಟಿಂಗ್ ದಾರಿಯಲ್ಲಿದೆ. ಟ್ಯೂಬುಗಳಲ್ಲೂ ವ್ಯತ್ಯಾಸ ಇರುವುದರಿಂದ ಸಣ್ಣ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪರದೆ ಎದ್ದು ಕಾಣುವಷ್ಟು ನೀಲಿಯೋ ಕಿತ್ತಳೆಯೋ ಇದೆಯೇ ಎಂದಷ್ಟೇ ನೋಡಿ.

ಮೊಬೈಲು, ಲ್ಯಾಪ್‌ಟಾಪಿನ Night Light ಇದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಪರದೆಯನ್ನು 6500 ಕೆಲ್ವಿನ್ನಿಗಿಂತ ಬಹಳ ಕೆಳಗೆ, ಬಲ್ಬಿನ ಹಳದಿಯ ಹತ್ತಿರ ಎಳೆಯುತ್ತದೆ. ಕತ್ತಲಲ್ಲಿ ಬರಹ ಓದುವುದಾದರೆ ಸುಮ್ನೆ ಹಾಕಿಕೊಳ್ಳಿ, ಅಲ್ಲಿ ಬಣ್ಣ ಕೆಡುವ ಪ್ರಶ್ನೆ ಇಲ್ಲ. ಮದುವೆಯ ಫೋಟೊ ತಿದ್ದಲು ಕೂತವರು ಮಾತ್ರ ಆರಿಸಲೇಬೇಕು. ಇಲ್ಲದಿದ್ದರೆ ಮದುಮಗಳ ಮುಖಕ್ಕೆ ಬೇಡದ ನೀಲಿ ಸೇರಿಸಿ ಪ್ರಿಂಟಿಗೆ ಕಳಿಸುತ್ತಾರೆ. ನಿದ್ದೆಯ ಬಗ್ಗೆ ಕೇಳುವವರಿಗೆ ಹೇಳುವುದು ಇಷ್ಟೆ: ಟಿವಿಯ Warm2ನಲ್ಲೂ ನೀಲಿ ಬೆಳಕು ಬೇಕಾದಷ್ಟಿದೆ, ಅದು ಹಗಲಿನ ಬಿಳಿ ತಾನೇ. 300 ನಿಟ್‌ನಿಂದ 100ಕ್ಕೆ ಇಳಿಸಿದರೆ ನೀಲಿಯೂ ಮೂರನೇ ಒಂದಕ್ಕೆ ಇಳಿಯುತ್ತದೆ. ಅಷ್ಟು ಇಳಿಕೆ Cool ಬಿಟ್ಟು Warm ಹಾಕಿದ್ದರಿಂದ ಬರುವುದಿಲ್ಲ.

ಎರಡು ದಿನ ಬಿಟ್ಟು ಮಾವ ಫೋನ್ ಮಾಡಿದರು. ‘ನೀನು ಸರಿ ಮಾಡಿದ್ದು ವಾರ್ತೆಗೆ ಇಲ್ಲ ಮಾರಾಯ, ಪುನಃ ನೀಲಿ ಬರುತ್ತದೆ.’ ಯಕ್ಷಗಾನ ಅವರು ನೋಡುವುದು ಟಿವಿಯೊಳಗಿನ ಆಪ್‌ನಲ್ಲಿ, ವಾರ್ತೆ ಸೆಟ್‌ಟಾಪ್ ಬಾಕ್ಸಿನಲ್ಲಿ. ಹೆಚ್ಚಿನ ಟಿವಿಗಳು ಚಿತ್ರದ ಸೆಟ್ಟಿಂಗನ್ನು ಪ್ರತಿ ದಾರಿಗೂ ಬೇರೆಬೇರೆ ಇಟ್ಟುಕೊಳ್ಳುತ್ತವೆ. ಆಪ್‌ಗೆ ಒಂದು, HDMI 1ಕ್ಕೆ ಇನ್ನೊಂದು, ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರಕ್ಕೆ ಮತ್ತೊಂದು. ನಾನು ಆಪ್ ತೆರೆದಿದ್ದಾಗ ಬದಲಾಯಿಸಿದ್ದರಿಂದ ಅದಕ್ಕೆ ಮಾತ್ರ ಹತ್ತಿತ್ತು. ಫೋನಿನಲ್ಲೇ ಒಂದೊಂದಾಗಿ ಹೇಳಿದೆ. ಸೆಟ್‌ಟಾಪ್ ಬಾಕ್ಸ್ ಹಾಕಿ, Picture ತೆರೆಯಿರಿ, Movie, ಆಮೇಲೆ Warm2, ಆಮೇಲೆ Backlight 14. ಆ ಕಡೆಯಿಂದ ರಿಮೋಟಿನ ಗುಂಡಿ ಒತ್ತುವ ಸದ್ದು. ‘ಈಗ ಪುನಃ ಹಳದಿ’ ಎಂದರು ಮಾವ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: ‘ಹತ್ತು ನಿಮಿಷ ಬಿಡಿ, ಲೈಟ್ ಆರಿಸಿ.’